ನಾಲ್ಕು ಗಾಲಿಯ ಟ್ರಾಲಿ, ಮೂರು ಗಾಲಿಯ ಲೆಕ್ಕ

ನಿಮ್ಮ ವರ್ಕ್‌ಶಾಪಿನಲ್ಲಿ ಭಾರದ ಟ್ರಾಲಿ ಇದ್ದರೆ ಇವತ್ತೇ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ದಿನಪತ್ರಿಕೆಯಿಂದ ನಾಲ್ಕು ಬೆರಳಗಲದ ಚೀಟಿ ಹರಿದುಕೊಳ್ಳಿ. ಖಾಲಿ ಟ್ರಾಲಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಒಂದೊಂದೇ ಗಾಲಿಯ ಅಡಿಗೆ ಅದನ್ನು ತೂರಿಸಿ. ಮೂರು ಗಾಲಿಗಳಲ್ಲಿ ಚೀಟಿ ಅಂಚಿಗೇ ತಡೆದು ನಿಲ್ಲುತ್ತದೆ. ನಾಲ್ಕನೆಯದರ ಅಡಿಯಲ್ಲಿ ಬಹಳ ಸಲ ಆ ಕಡೆಯಿಂದ ಈ ಕಡೆಗೆ ಸಲೀಸಾಗಿ ದಾಟಿಬಿಡುತ್ತದೆ. ಅಂದರೆ ಆ ಗಾಲಿ ನೆಲ ಮುಟ್ಟಿಯೇ ಇಲ್ಲ. ಭಾರ ಹೊರುತ್ತಿರುವುದು ಉಳಿದ ಮೂರು ಮಾತ್ರ.

ಗಾಲಿ ಕೊಳ್ಳುವಾಗ ಮಾಡುವ ಲೆಕ್ಕ ಇಲ್ಲಿಂದಲೇ ಶುರುವಾಗಬೇಕು. ಎಷ್ಟು ಭಾರ ತಡೆಯುವ ಗಾಲಿ ಬೇಕು, ಅದನ್ನು ಟ್ರಾಲಿಗೆ ಬೋಲ್ಟು ಹಾಕಿ ಕೂರಿಸುವುದು ಹೇಗೆ, ಎಲ್ಲಿ ಕೆಡುತ್ತದೆ ಎಂಬುದನ್ನು ಒಂದೇ ಟ್ರಾಲಿಯನ್ನು ಉದಾಹರಣೆಗೆ ಇಟ್ಟುಕೊಂಡು ನೋಡೋಣ. ಡೈ, ಮೋಟಾರು, ಎರಕದ ತುಂಡುಗಳನ್ನು ಸಾಗಿಸುವ ಎರಡು ಅಂತಸ್ತಿನ ಟ್ರಾಲಿ ಅದು. ಉದ್ದ 1200 ಮಿಮೀ, ಅಗಲ 750 ಮಿಮೀ. ಚೌಕಟ್ಟು 50×50×6ರ ಆಂಗಲ್‌ನದು. ಎರಡೂ ಅಂತಸ್ತಿಗೆ 5 ಮಿಮೀ ದಪ್ಪದ ಕಬ್ಬಿಣದ ಶೀಟು. ಒಂದು ಸಲಕ್ಕೆ ಹೆಚ್ಚೆಂದರೆ 600 ಕೆಜಿ ಸಾಮಾನು ಹೇರಬೇಕು.

ತಿರುಗುವ ಗಾಲಿ ಎಂದರೇನು?

ಅಂಗಡಿಯಲ್ಲಿ ಇದನ್ನು ಸ್ವಿವೆಲ್ ಕ್ಯಾಸ್ಟರ್ ಎನ್ನುತ್ತಾರೆ. ಕ್ಯಾಸ್ಟರ್ ಎಂದರೆ ಗಾಲಿಯೂ ಅದನ್ನು ಹಿಡಿದಿರುವ ಕಬ್ಬಿಣದ ಕವಲೂ ಸೇರಿದ ಇಡೀ ಜೋಡಣೆ. ಸ್ವಿವೆಲ್ ಎಂದರೆ ಸುತ್ತ ತಿರುಗುವುದು. ಕೈಯಲ್ಲಿ ಹಿಡಿದು ಮೇಲಿನಿಂದ ಕೆಳಕ್ಕೆ ನೋಡಿ. ಎಲ್ಲಕ್ಕಿಂತ ಮೇಲೆ ನಾಲ್ಕು ತೂತಿನ ಚಪ್ಪಟೆ ಪ್ಲೇಟು ಇರುತ್ತದೆ. ಟ್ರಾಲಿಗೆ ಬೋಲ್ಟು ಬೀಳುವುದು ಇದಕ್ಕೆ. ಪ್ಲೇಟಿನ ಕೆಳಗೆ ಉಕ್ಕಿನ ಗುಂಡುಗಳು ಓಡಾಡುವ ಬಳೆಯಂಥ ದಾರಿ ಇದೆ. ಇದಕ್ಕೆ ಬಾಲ್ ರೇಸ್ ಎಂದು ಹೆಸರು. ಭಾರದ ಕೆಲಸದ ಗಾಲಿಗಳಲ್ಲಿ ಇಂಥ ಎರಡು ಸಾಲು ಇರುತ್ತವೆ. ಇವುಗಳ ನಡುವೆ ಪ್ಲೇಟು ಮತ್ತು ಕವಲನ್ನು ಒಟ್ಟಿಗೆ ಹಿಡಿದಿಡುವ ಮೊಳೆಯೇ ಕಿಂಗ್‌ಪಿನ್. ಅದರ ಕೆಳಗೆ ಕವಲು, ಅಂದರೆ ಫೋರ್ಕು. ಕೊನೆಗೆ ಅಚ್ಚು, ಬೇರಿಂಗು, ಗಾಲಿ.

ಈಗ ಅದನ್ನೇ ಪಕ್ಕದಿಂದ ನೋಡಿ. ಗಾಲಿಯ ಅಚ್ಚು ಕಿಂಗ್‌ಪಿನ್ನಿನ ನೇರ ಕೆಳಗೆ ಇರುವುದಿಲ್ಲ. ಸ್ವಲ್ಪ ಹಿಂದಕ್ಕೆ ಸರಿದಿರುತ್ತದೆ. 150 ಮಿಮೀ ಗಾಲಿಯಲ್ಲಿ ಈ ಅಂತರ ಸುಮಾರು 45 ಮಿಮೀ ಎಂದಿಟ್ಟುಕೊಳ್ಳಿ. ಇದಕ್ಕೆ ಆಫ್‌ಸೆಟ್ ಎನ್ನುತ್ತಾರೆ. ಟ್ರಾಲಿಯನ್ನು ಯಾವ ಕಡೆಗೆ ತಳ್ಳಿದರೂ ಗಾಲಿ ತಾನಾಗಿಯೇ ತಿರುಗಿ ಹಿಂಬಾಲಿಸುವುದು ಈ ಅಂತರದಿಂದಲೇ. ಇದು ಇಲ್ಲದಿದ್ದರೆ ಗಾಲಿ ತಿರುಗದೆ ನೆಲ ಕೆರೆಯುತ್ತಿತ್ತು.

ಇದೇ 45 ಮಿಮೀ ಬೋಲ್ಟುಗಳಿಗೆ ತೊಂದರೆಯನ್ನೂ ತರುತ್ತದೆ. ನೆಲದ ಒತ್ತಡ ಪ್ಲೇಟಿನ ನಡುಮಧ್ಯಕ್ಕೆ ಬರುವುದಿಲ್ಲ, ಒಂದು ಪಕ್ಕಕ್ಕೆ ಬರುತ್ತದೆ. ಗಾಲಿ ತಿರುಗಿದ ಹಾಗೆಲ್ಲ ಆ ಪಕ್ಕವೂ ಬದಲಾಗುತ್ತದೆ. ಟ್ರಾಲಿಯನ್ನು ಮುಂದೆ ತಳ್ಳಿ, ನಿಲ್ಲಿಸಿ, ಹಿಂದಕ್ಕೆ ಎಳೆದಾಗ ಒತ್ತಡ ಪ್ಲೇಟಿನ ಒಂದು ಅಂಚಿನಿಂದ ಎದುರಿನ ಅಂಚಿಗೆ ಹೋಗುತ್ತದೆ. ದಿನಕ್ಕೆ ನೂರು ಸಲ ಹೀಗೆ ಪ್ಲೇಟನ್ನು ಅಲ್ಲಾಡಿಸುವ ಪ್ರಯತ್ನ ನಡೆಯುತ್ತದೆ. ಮುಂದೆ ಬೋಲ್ಟಿನ ವಿಷಯಕ್ಕೆ ಬಂದಾಗ ಇದನ್ನು ನೆನಪಿಟ್ಟುಕೊಂಡಿರಿ.

ಭಾರದ ಲೆಕ್ಕ

ಮೊದಲು ಟ್ರಾಲಿಯದೇ ತೂಕ ತಿಳಿಯಬೇಕು. ಇದಕ್ಕೆ ತಕ್ಕಡಿ ಬೇಕಿಲ್ಲ. 50×50×6ರ ಆಂಗಲ್ ಒಂದು ಮೀಟರಿಗೆ 4.5 ಕೆಜಿ ತೂಗುತ್ತದೆ. ಶೀಟಿನ ಲೆಕ್ಕ ಇನ್ನೂ ಸುಲಭ. ಒಂದು ಚದರ ಮೀಟರ್ ಕಬ್ಬಿಣದ ಶೀಟು, ದಪ್ಪದ ಪ್ರತಿ ಮಿಮೀಗೆ 7.85 ಕೆಜಿ.

ನಮ್ಮ ಟ್ರಾಲಿಯಲ್ಲಿ ಎರಡು ಚೌಕಟ್ಟು, ಪ್ರತಿಯೊಂದಕ್ಕೂ ಎರಡೆರಡು ಅಡ್ಡಪಟ್ಟಿ, ನಾಲ್ಕು ಕಾಲು ಸೇರಿ ಆಂಗಲ್ 13.6 ಮೀಟರ್ ಆಗುತ್ತದೆ. ತೂಕ 61 ಕೆಜಿ. ಒಂದು ಶೀಟಿನ ವಿಸ್ತೀರ್ಣ 0.9 ಚದರ ಮೀಟರ್. 5 ಮಿಮೀ ದಪ್ಪಕ್ಕೆ ಅದು 35 ಕೆಜಿಗಿಂತ ತುಸು ಹೆಚ್ಚು, ಎರಡಕ್ಕೆ 71 ಕೆಜಿ. ಮೂಲೆಗಳಿಗೆ ಹಾಕುವ ಪ್ಲೇಟುಗಳು 7 ಕೆಜಿ, ಹಿಡಿ ಮತ್ತು ಬೋಲ್ಟು 5 ಕೆಜಿ, ನಾಲ್ಕು ಗಾಲಿಗಳು ಸುಮಾರು 16 ಕೆಜಿ. ಒಟ್ಟು 160 ಕೆಜಿ. ಇದರ ಮೇಲೆ 600 ಕೆಜಿ ಸಾಮಾನು ಹೇರಿದರೆ 760 ಕೆಜಿ.

ಸಾಮಾನ್ಯವಾಗಿ ಜನ ಇದನ್ನು ನಾಲ್ಕರಿಂದ ಭಾಗಿಸುತ್ತಾರೆ. 190 ಬರುತ್ತದೆ. 200 ಕೆಜಿಯ ಗಾಲಿ ಸಾಕು ಎಂದು ತಂದುಬಿಡುತ್ತಾರೆ. ತಪ್ಪಾಗುವುದು ಇಲ್ಲೇ. ವರ್ಕ್‌ಶಾಪಿನ ನೆಲ ಕನ್ನಡಿಯಂತೆ ಸಮ ಇರುವುದಿಲ್ಲ, ವೆಲ್ಡಿಂಗ್ ಮಾಡಿದ ಚೌಕಟ್ಟೂ ಅಷ್ಟೇ. ಭಾರ ಹೊತ್ತಾಗ ಚೌಕಟ್ಟು ತುಸು ಬಾಗುವುದರಿಂದ ನಾಲ್ಕನೆಯ ಗಾಲಿ ಒಮ್ಮೊಮ್ಮೆ ನೆಲ ಮುಟ್ಟಬಹುದು, ಆದರೆ ತನ್ನ ಪೂರಾ ಪಾಲು ಹೊರುತ್ತದೆಂಬ ಭರವಸೆ ಇಲ್ಲ. ಆದ್ದರಿಂದ ನಾಲ್ಕು ಗಾಲಿಯ ಟ್ರಾಲಿಗೆ ಮೂರರಿಂದ ಭಾಗಿಸುವುದು ಈ ಕಸುಬಿನ ರೂಢಿ. 760 ಭಾಗಿಸು 3, ಅಂದರೆ 253 ಕೆಜಿ.

ಇಷ್ಟಕ್ಕೇ ನಿಲ್ಲುವಂತಿಲ್ಲ. ಗಾಲಿಯ ಮೇಲೆ ಬರೆದಿರುವ ಭಾರ ಒಳ್ಳೆಯ ನೆಲದ ಮೇಲೆ, ಮನುಷ್ಯ ನಡೆಯುವ ವೇಗದಲ್ಲಿ ಹೊರುವ ಭಾರ. ಯುರೋಪಿನ ಕೈಗಾರಿಕಾ ಗಾಲಿಗಳ ಮಾನಕದಲ್ಲಿ ಈ ವೇಗದ ಮಿತಿ ಗಂಟೆಗೆ 4 ಕಿಮೀ. ನಿಮ್ಮ ಬಾಗಿಲಲ್ಲಿ ರೋಲಿಂಗ್ ಶಟರಿನ ಪಟ್ಟಿ ಇದೆಯೇ? ಅಂಗಳದಲ್ಲಿ ಸಿಮೆಂಟು ಕಿತ್ತುಹೋಗಿದೆಯೇ? ಗಾಲಿ ಅಲ್ಲಿ ದಡಕ್ಕನೆ ಬಿದ್ದಾಗ ಆ ಕ್ಷಣದ ಹೊಡೆತ ನಿಂತ ಭಾರಕ್ಕಿಂತ ಬಹಳ ಹೆಚ್ಚು. ನೆಲ ನಯವಾಗಿದ್ದು ಟ್ರಾಲಿ ಒಳಗೇ ಓಡಾಡುವುದಾದರೆ 253ನ್ನು 1.25ರಿಂದ ಗುಣಿಸಿ. 317 ಬರುತ್ತದೆ, 350 ಕೆಜಿಯ ಗಾಲಿ ಸಾಕು. ಶಟರಿನ ಪಟ್ಟಿ ದಾಟಬೇಕಾದರೆ 1.5ರಿಂದ ಗುಣಿಸಿ. 380 ಬರುತ್ತದೆ, 400 ಕೆಜಿಯದು ಬೇಕು. ನಮ್ಮ ಟ್ರಾಲಿ ಬಾಗಿಲು ದಾಟುವಂಥದ್ದು. ಹಾಗಾಗಿ ಒಂದೊಂದೂ 400 ಕೆಜಿ ಹೊರುವ ಗಾಲಿಗಳನ್ನು ಆರಿಸೋಣ.

ಅಷ್ಟು ಭಾರವನ್ನು ಎಂದೂ ಹೇರುವುದಿಲ್ಲವಲ್ಲ, ದುಡ್ಡು ದಂಡವಲ್ಲವೇ ಎಂದು ನೀವು ಕೇಳಬಹುದು. ಪರಿಚಿತರೊಬ್ಬರ ಶೆಡ್ಡಿನಲ್ಲಿ 200 ಕೆಜಿಯ ಗಾಲಿಗಳು ನಾಲ್ಕು ತಿಂಗಳು ಏನೂ ಆಗದೆ ಓಡಿದವು. ಐದನೆಯ ತಿಂಗಳು ಶಟರಿನ ಪಟ್ಟಿಯ ಮೇಲೆ ಒಂದರ ಕವಲು ಬಾಗಿ, ಮೇಲಿದ್ದ ಡೈ ಜಾರಿತು. ಯಾರ ಕಾಲ ಮೇಲೂ ಬೀಳದ್ದು ಅದೃಷ್ಟ. ಕಡಿಮೆ ಭಾರದ ಗಾಲಿ ಮೊದಲ ದಿನವೇ ಮುರಿದು ಎಚ್ಚರಿಸುವುದಿಲ್ಲ.

ಎಂಥ ಗಾಲಿ, ಎಷ್ಟು ತಿರುಗುವವು?

ಸಿಮೆಂಟು ನೆಲದ ವರ್ಕ್‌ಶಾಪಿಗೆ ಪಿಯು ಹೊದಿಕೆಯ ಗಾಲಿ ಹೊಂದುತ್ತದೆ. ಪಿಯು ಎಂದರೆ ಪಾಲಿಯುರೆಥೇನ್. ಒಳಗೆ ಬೀಡು ಕಬ್ಬಿಣ, ಹೊರಗೆ ರಬ್ಬರಿನಂತೆ ಕಾಣುವ, ಅದಕ್ಕಿಂತ ಗಟ್ಟಿಯಾದ ಪದರ. ಭಾರ ತಡೆಯುತ್ತದೆ, ನೆಲ ಕೆಡಿಸುವುದಿಲ್ಲ. ಬರೀ ರಬ್ಬರಿನ ಗಾಲಿ ಸದ್ದು ಮಾಡುವುದಿಲ್ಲ, ಆದರೆ ಭಾರ ಹೊತ್ತು ವಾರಗಟ್ಟಲೆ ನಿಂತರೆ ಅಡಿ ಚಪ್ಪಟೆಯಾಗುತ್ತದೆ. ನೈಲಾನ್ ಗಾಲಿ ಭಾರಕ್ಕೆ ಗಟ್ಟಿ, ಆದರೆ ಗಡಗಡ ಸದ್ದು, ಸಣ್ಣ ಕಲ್ಲು ಸಿಕ್ಕರೂ ತಡೆದು ನಿಲ್ಲುತ್ತದೆ. ಬಿಸಿ ಎರಕ ಸಾಗಿಸುವ ಕಡೆ ಮಾತ್ರ ಬರೀ ಬೀಡಿನ ಗಾಲಿ ಬೇಕಾಗುತ್ತದೆ. ಲೇತಿನ ಸುತ್ತ ಓಡಾಡುವ ಟ್ರಾಲಿಯ ಪಿಯು ಗಾಲಿಗೆ ಲೋಹದ ಚೂರುಗಳು ಚುಚ್ಚಿಕೊಳ್ಳುತ್ತವೆ. ಆಗಾಗ ಕಿತ್ತು ತೆಗೆಯಬೇಕು.

ಗಾತ್ರ 150 ಮಿಮೀಗಿಂತ ಕಡಿಮೆ ಬೇಡ. ಅಂಗಡಿಯಲ್ಲಿ ಇದನ್ನು ಆರಿಂಚು ಎನ್ನುತ್ತಾರೆ. ಗಾಲಿ ದೊಡ್ಡದಾದಷ್ಟೂ ಸಣ್ಣ ಅಡಚಣೆಯನ್ನು ಸುಲಭವಾಗಿ ಹತ್ತುತ್ತದೆ, ತಳ್ಳುವವರ ಬೆನ್ನಿಗೂ ಹಗುರ.

ನಾಲ್ಕೂ ತಿರುಗುವ ಗಾಲಿ ಹಾಕಬಹುದೇ? ಹಾಕಬಹುದು. ಇಕ್ಕಟ್ಟಿನಲ್ಲಿ ಪಕ್ಕಕ್ಕೆ ಸರಿಸಲು ಅನುಕೂಲ. ಆದರೆ 760 ಕೆಜಿಯ ಟ್ರಾಲಿಯನ್ನು ಉದ್ದಕ್ಕೆ ತಳ್ಳುವಾಗ ಅದು ತನಗೆ ಬೇಕಾದ ಕಡೆಗೆ ಹೋಗಲು ನೋಡುತ್ತದೆ. ನೆಲ ತುಸು ಇಳಿಜಾರಿದ್ದರೆ ಹಿಡಿಯುವುದೇ ಕಷ್ಟ. ಹಿಡಿಯಿರುವ ಕಡೆ ಎರಡು ತಿರುಗುವ ಗಾಲಿ, ಎದುರು ಕಡೆ ಎರಡು ಫಿಕ್ಸೆಡ್ ಗಾಲಿ, ಅಂದರೆ ಸುತ್ತ ತಿರುಗದ ಗಾಲಿ, ಹಾಕುವುದು ಭಾರದ ಟ್ರಾಲಿಗೆ ಒಳ್ಳೆಯದು. ಹಿಡಿಯನ್ನು ಎಡಬಲಕ್ಕೆ ಒತ್ತಿದರೆ ಟ್ರಾಲಿ ತಿರುಗುತ್ತದೆ, ಬಿಟ್ಟರೆ ನೇರ ಹೋಗುತ್ತದೆ. ತಿರುಗುವ ಎರಡಕ್ಕೂ ಬ್ರೇಕ್ ಇರಲಿ. ಗಾಲಿಯನ್ನೂ ಕವಲನ್ನೂ ಒಟ್ಟಿಗೆ ಹಿಡಿಯುವ ಟೋಟಲ್ ಲಾಕ್ ಬ್ರೇಕ್ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಬರೀ ಗಾಲಿ ಹಿಡಿಯುವ ಬ್ರೇಕಿನಲ್ಲಿ ಕವಲು ತಿರುಗಿ ಟ್ರಾಲಿ ಒಂದು ಗೇಣು ಸರಿಯಬಹುದು.

ತಿರುಗುವ ಮತ್ತು ಫಿಕ್ಸೆಡ್ ಗಾಲಿಗಳನ್ನು ಒಬ್ಬರೇ ತಯಾರಕರ ಒಂದೇ ಮಾಲಿಕೆಯಿಂದ ಕೊಳ್ಳಿ. ಆಗ ನೆಲದಿಂದ ಪ್ಲೇಟಿನವರೆಗಿನ ಎತ್ತರ ಎರಡಕ್ಕೂ ಒಂದೇ ಇರುತ್ತದೆ. ಒಂದು 190 ಮಿಮೀ, ಇನ್ನೊಂದು 195 ಬಂದರೆ ಟ್ರಾಲಿ ವಾಲುತ್ತದೆ.

ಮೂಲೆಗೆ ಜಾಗ ಮಾಡುವುದು

ಹೆಚ್ಚಿನವರು ಎಡವುವುದು ಈ ಹಂತದಲ್ಲಿ. ಆಂಗಲ್ಲಿನ ಅಗಲ 50 ಮಿಮೀ. ಗಾಲಿಯ ಪ್ಲೇಟು ಸುಮಾರು ನೂರು, ನೂರಹದಿನೈದು ಮಿಮೀ. ಅದನ್ನು ನೇರ ಆಂಗಲ್ಲಿಗೆ ಹಿಡಿದರೆ ಎರಡು ತೂತು ಕಬ್ಬಿಣದ ಮೇಲೆ ಬಂದು, ಇನ್ನೆರಡು ಗಾಳಿಯಲ್ಲಿ ಉಳಿಯುತ್ತವೆ. ಕೆಲವರು ಎರಡೇ ಬೋಲ್ಟಿಗೆ ಮುಗಿಸುತ್ತಾರೆ. ಆಗಲೇ ಹೇಳಿದ 45 ಮಿಮೀ ಆಫ್‌ಸೆಟ್ ಆ ಎರಡು ಬೋಲ್ಟುಗಳನ್ನು ಮೀಟುಗೋಲಿನಂತೆ ಮೀಟುತ್ತದೆ. ಕೆಲವು ವಾರಗಳಲ್ಲಿ ಪ್ಲೇಟು ಒಂದು ಕಡೆ ಬಾಯಿ ಬಿಡುತ್ತದೆ.

ಪರಿಹಾರ ಸರಳ. ಪ್ರತಿ ಮೂಲೆಗೆ 150×150 ಮಿಮೀ ಅಳತೆಯ 10 ಮಿಮೀ ದಪ್ಪದ ಪ್ಲೇಟು ವೆಲ್ಡ್ ಮಾಡಿ. ಕೆಳ ಚೌಕಟ್ಟಿನ ಆಂಗಲ್ ಒಂದು ಅಂಚು ಮೇಲೆ ಮಲಗಿ, ಇನ್ನೊಂದು ಕೆಳಕ್ಕೆ ನಿಂತಿರುವ ಹಾಗೆ ಇರಲಿ. ಮಲಗಿದ ಅಂಚಿನ ಮೇಲೆ ಶೀಟು ಕೂರುತ್ತದೆ. ನಿಂತ ಅಂಚಿನ ಅಡಿಗೆ ಮೂಲೆ ಪ್ಲೇಟು ಬರುತ್ತದೆ. ಚೌಕಟ್ಟಿನ ಎರಡು ಅಡ್ಡಪಟ್ಟಿಗಳನ್ನು ನಡುವೆ ಹಾಕುವ ಬದಲು ಎರಡೂ ತುದಿಯಿಂದ 150 ಮಿಮೀ ಒಳಗೆ ಹಾಕಿ. ಆಗ ಪ್ರತಿ ಮೂಲೆ ಪ್ಲೇಟಿಗೆ ಮೂರು ಕಡೆಯಿಂದ ಆಸರೆ ಸಿಗುತ್ತದೆ. ನಾಲ್ಕನೆಯ ಕಡೆ ತೆರೆದಿರುತ್ತದೆ. ಪ್ಲೇಟಿನ ಮೇಲೆ ಉಳಿಯುವ ನಾಲ್ಕು ಸೆಂಟಿಮೀಟರಿನಷ್ಟು ಸಂದಿಗೆ ಆ ಕಡೆಯಿಂದ ಪಾನಾ ತೂರಿಸಿ ನಟ್ಟು ಹಿಡಿಯಬಹುದು.

ಚೌಕ ಪೈಪಿನ ಚೌಕಟ್ಟಾದರೂ ಇದೇ ಉಪಾಯ. ಟೊಳ್ಳು ಪೈಪಿಗೆ ಆರಪಾರ ಬೋಲ್ಟು ಹಾಕಿ ಬಿಗಿದರೆ ಪೈಪು ಒಳಕ್ಕೆ ಕುಸಿಯುತ್ತದೆ, ಬೋಲ್ಟು ಎಂದೂ ಬಿಗಿಯಾಗುವುದಿಲ್ಲ. ಚಾನೆಲ್ ಬಳಸಿದ್ದರೆ ಅದರ ಅಂಚಿನ ಒಳಮೈ ಇಳಿಜಾರಾಗಿರುತ್ತದೆ. ಅಲ್ಲಿ ನಟ್ಟಿನ ಅಡಿಗೆ ಒಂದು ಕಡೆ ದಪ್ಪ, ಒಂದು ಕಡೆ ತೆಳುವಾದ ಟೇಪರ್ ವಾಷರ್ ಬೇಕು.

ಬೋಲ್ಟು ಯಾಕೆ, ಗಾಲಿಯ ಪ್ಲೇಟನ್ನೇ ವೆಲ್ಡ್ ಮಾಡಿದರೆ ಮುಗಿಯಿತಲ್ಲ ಎಂದು ಫ್ಯಾಬ್ರಿಕೇಶನ್ ಮಾಡುವವರು ಕೇಳುತ್ತಾರೆ. ಮಾಡಬೇಡಿ. ವೆಲ್ಡಿಂಗಿನ ಬಿಸಿಗೆ ಬಾಲ್ ರೇಸಿನ ಗ್ರೀಸು ಸುಟ್ಟುಹೋಗುತ್ತದೆ. ಪ್ಲೇಟಿನ ಮೇಲಿನ ಸತುವಿನ ಲೇಪ ಬಿಳಿ ಹೊಗೆಯಾಗಿ ಏಳುತ್ತದೆ, ಅದನ್ನು ಉಸಿರಾಡಿದರೆ ಚಳಿಜ್ವರ ಹಿಡಿಯುತ್ತದೆ. ಗಾಲಿ ಹೇಗೂ ಒಂದು ದಿನ ಸವೆಯುವ ವಸ್ತು. ಬದಲಿಸುವ ದಿನ ಗ್ರೈಂಡರ್ ಹಿಡಿದು ಕೂರಬೇಕಾಗುತ್ತದೆ.

ಮೂಲೆ ಪ್ಲೇಟುಗಳ ವೆಲ್ಡಿಂಗ್ ಮುಗಿದು ತಣಿದ ಮೇಲೆ ಅವುಗಳ ಮೇಲೆ ನೇರವಾದ ಉಕ್ಕಿನ ಸ್ಕೇಲು ಇಟ್ಟು ನೋಡಿ. ಬಿಸಿಗೆ ಪ್ಲೇಟು ತುಸು ಬಾಗಿರಬಹುದು. ಉಬ್ಬು ಕಂಡರೆ ಗ್ರೈಂಡರಿನಲ್ಲಿ ಉಜ್ಜಿ ಸಮ ಮಾಡಿ. ಗಾಲಿ ಕೂರುವ ಜಾಗಕ್ಕೆ ರೆಡ್ ಆಕ್ಸೈಡ್ ತೆಳುವಾಗಿ ಒಂದೇ ಸಲ ಬಳಿಯಿರಿ. ದಪ್ಪ ಪೇಂಟಿನ ಮೇಲೆ ಬಿಗಿದ ಬೋಲ್ಟು, ಪೇಂಟು ನಲುಗಿದ ಹಾಗೆ ಸಡಿಲವಾಗುತ್ತದೆ.

ತೂತು ಮತ್ತು ಬೋಲ್ಟು

ಮೇಲಿನ ಶೀಟುಗಳನ್ನು ಕೂರಿಸುವ ಮೊದಲೇ, ಚೌಕಟ್ಟು ಹಗುರ ಇರುವಾಗಲೇ, ಅದನ್ನು ಬೋರಲು ಹಾಕಿಕೊಳ್ಳಿ. ಇಬ್ಬರಿದ್ದರೆ ಸಾಕು.

ಗಾಲಿಯ ಪ್ಲೇಟೇ ನಿಮ್ಮ ಅಚ್ಚು. ಅದನ್ನು ಮೂಲೆ ಪ್ಲೇಟಿನ ಮಧ್ಯಕ್ಕೆ ಇಟ್ಟು, ತೂತುಗಳ ಒಳಗೆ ಗೀಚುಗಡ್ಡಿಯಿಂದ ಗೆರೆ ಎಳೆಯಿರಿ. ತೂತುಗಳು ಉದ್ದುದ್ದವಾಗಿದ್ದರೆ ಅವುಗಳ ನಡುವಿಗೆ ಗುರುತು ಹಾಕಿ. ಆಗ ಮುಂದೆ ಎರಡೂ ಕಡೆ ಸರಿಸಿ ಹೊಂದಿಸಲು ಎಡೆ ಸಿಗುತ್ತದೆ. ತೂತು ಕೊರೆಯುವ ಮೊದಲು ನಾಲ್ಕೂ ಗಾಲಿಗಳ ಮಧ್ಯಬಿಂದುಗಳ ನಡುವೆ ಟೇಪು ಹಿಡಿದು ಎರಡೂ ಕರ್ಣ ಅಳೆಯಿರಿ. ಅಳತೆ ಒಂದೇ ಬರಬೇಕು. ಫಿಕ್ಸೆಡ್ ಗಾಲಿಗಳು ಒಂದಕ್ಕೊಂದು ಸಮಾನಾಂತರ ಇರಬೇಕು. ಎರಡು ಗಾಲಿಗಳ ಮುಂದಿನ ಅಂಚುಗಳ ನಡುವಿನ ಅಂತರವೂ ಹಿಂದಿನ ಅಂಚುಗಳ ನಡುವಿನ ಅಂತರವೂ ಒಂದೇ ಇರಲಿ. ಇಲ್ಲದಿದ್ದರೆ ಟ್ರಾಲಿ ಸದಾ ಒಂದು ಪಕ್ಕಕ್ಕೆ ಎಳೆಯುತ್ತದೆ, ಗಾಲಿಯ ಒಂದು ಅಂಚು ಬೇಗ ಸವೆಯುತ್ತದೆ.

ನಮ್ಮ ಗಾಲಿಗಳಿಗೆ ಎಂ10 ಬೋಲ್ಟು ಎಂದಿಟ್ಟುಕೊಳ್ಳೋಣ. ಅಂದರೆ 10 ಮಿಮೀ ದಪ್ಪ. ನಿಮ್ಮ ಪ್ಲೇಟಿನ ತೂತು ದೊಡ್ಡದಿದ್ದರೆ ಎಂ12 ಹಾಕಿ. ದೊಡ್ಡ ತೂತಿನಲ್ಲಿ ಸಣ್ಣ ಬೋಲ್ಟು ಹಾಕಿ ವಾಷರಿನಿಂದ ಮುಚ್ಚಬೇಡಿ. ಎಂ10ಕ್ಕೆ 11 ಮಿಮೀ ತೂತು. ಸೆಂಟರ್ ಪಂಚ್ ಹೊಡೆದು, ಮೊದಲು 5 ಮಿಮೀ ಬಿಟ್ಟಿನಿಂದ ಕೊರೆದು, ಆಮೇಲೆ 11 ಮಿಮೀ ಬಿಟ್ಟು ಹಾಕಿ. ನಡುನಡುವೆ ಎಣ್ಣೆ ಬಿಡಿ. ತೂತಿನ ಬಾಯಲ್ಲಿ ಎದ್ದ ಚೂಪು ಅಂಚನ್ನು ದೊಡ್ಡ ಬಿಟ್ಟಿನಿಂದ ಕೈಯಲ್ಲೇ ತಿರುಗಿಸಿ ತೆಗೆಯಿರಿ. ಅದು ಉಳಿದರೆ ಪ್ಲೇಟು ಸಮವಾಗಿ ಕೂರುವುದಿಲ್ಲ.

ಬೋಲ್ಟಿನ ತಲೆಯ ಮೇಲೆ 8.8 ಎಂದು ಕೆತ್ತಿರಬೇಕು. ಇದು ಉಕ್ಕಿನ ಗಟ್ಟಿತನದ ಗುರುತು. ಮೊದಲ ಅಂಕಿಯನ್ನು 100ರಿಂದ ಗುಣಿಸಿದರೆ ಬೋಲ್ಟು ತುಂಡಾಗುವ ಒತ್ತಡ ಸಿಗುತ್ತದೆ, ಅಂದರೆ ಪ್ರತಿ ಚದರ ಮಿಮೀಗೆ 800 ನ್ಯೂಟನ್. ಎರಡೂ ಅಂಕಿಗಳನ್ನು ಗುಣಿಸಿ ಹತ್ತರಿಂದ ಗುಣಿಸಿದರೆ ಬೋಲ್ಟು ಎಳೆದುಹೋಗಿ ಮತ್ತೆ ಮೊದಲಿನಂತಾಗದ ಹಂತ ಸಿಗುತ್ತದೆ, ಅಂದರೆ 640. ಅದೇ ಲೆಕ್ಕದಲ್ಲಿ 4.6 ದರ್ಜೆಯ ಬೋಲ್ಟಿಗೆ ಬರುವುದು 240 ಮಾತ್ರ. ತಲೆಯ ಮೇಲೆ ಏನೂ ಬರೆಯದ ಬೋಲ್ಟನ್ನು ನಂಬಿ ಭಾರದ ಟ್ರಾಲಿಗೆ ಹಾಕಬೇಡಿ.

ಉದ್ದವನ್ನೂ ಲೆಕ್ಕ ಹಾಕಿಯೇ ಕೊಳ್ಳಿ. ಗಾಲಿಯ ಪ್ಲೇಟು 6, ಮೂಲೆ ಪ್ಲೇಟು 10, ಎರಡು ವಾಷರ್ 4, ನಟ್ಟು 10, ಹೊರಗೆ ಚಾಚಬೇಕಾದ ಎರಡು ಎಳೆ ಸುಮಾರು 3. ಒಟ್ಟು 33. ಸಿಗುವುದು 35 ಮಿಮೀ ಬೋಲ್ಟು. ಪ್ರತಿ ಗಾಲಿಗೆ ನಾಲ್ಕರಂತೆ 16 ಬೇಕು.

ಬೋಲ್ಟಿನ ತಲೆ ಗಾಲಿಯ ಕಡೆಗೆ, ನಟ್ಟು ಚೌಕಟ್ಟಿನ ಕಡೆಗೆ ಇರಲಿ. ತಲೆ ತೆಳು, ನಟ್ಟು ಮತ್ತು ಚಾಚಿದ ಎಳೆ ಸೇರಿದರೆ ಎತ್ತರ. ನಟ್ಟು ಕೆಳಗಿದ್ದರೆ ಕೆಲವು ಗಾಲಿಗಳಲ್ಲಿ ಕವಲು ತಿರುಗುವಾಗ ತಾಗುತ್ತದೆ. ನಟ್ಟು ನೈಲಾಕ್ ಆಗಿರಲಿ. ಅದರ ಬಾಯಲ್ಲಿ ನೈಲಾನ್ ಬಳೆ ಇದ್ದು, ಅಲುಗಾಟಕ್ಕೆ ನಟ್ಟು ಬಿಚ್ಚದಂತೆ ಎಳೆಯನ್ನು ಹಿಡಿದುಕೊಳ್ಳುತ್ತದೆ. ಇದಕ್ಕೆ ಸ್ಪ್ರಿಂಗ್ ವಾಷರ್ ಬೇಕಿಲ್ಲ. ಹತ್ತಿರದಲ್ಲಿ ವೆಲ್ಡಿಂಗ್ ಮಾತ್ರ ಮಾಡಬೇಡಿ, ನೈಲಾನ್ ಕರಗುತ್ತದೆ.

ನಾಲ್ಕೂ ಬೋಲ್ಟನ್ನು ಮೊದಲು ಕೈಯಲ್ಲಿ ತಿರುಗಿಸಿ ಕೂರಿಸಿ. ಆಮೇಲೆ ಒಂದು, ಅದರ ಎದುರು ಮೂಲೆಯದು, ಹೀಗೆ ಅಡ್ಡಕ್ಕೆ ದಾಟುತ್ತ ಎರಡು ಸುತ್ತಿನಲ್ಲಿ ಬಿಗಿಯಿರಿ. 8.8 ದರ್ಜೆಯ ಎಂ10ಕ್ಕೆ ಸುಮಾರು 50 ನ್ಯೂಟನ್ ಮೀಟರ್ ಬಿಗಿತ ಸರಿ. ಟಾರ್ಕ್ ರೆಂಚ್, ಅಂದರೆ ಬಿಗಿತ ಅಳೆಯುವ ಪಾನಾ, ಇಲ್ಲವೇ? ಕಾಲು ಮೀಟರ್ ಉದ್ದದ ಪಾನಾದ ತುದಿಯನ್ನು 20 ಕೆಜಿ ತೂಕದಷ್ಟು ಬಲದಿಂದ ಎಳೆದರೆ ಅಷ್ಟೇ ಆಗುತ್ತದೆ. ತುಂಬಿದ 20 ಲೀಟರ್ ನೀರಿನ ಕ್ಯಾನನ್ನು ಒಂದು ಕೈಯಲ್ಲಿ ಎತ್ತಿದ ನೆನಪು ಮಾಡಿಕೊಳ್ಳಿ, ಆ ಎಳೆತ. ಪಾನಾಕ್ಕೆ ಪೈಪು ಸಿಕ್ಕಿಸಿ ಜಗ್ಗಬೇಡಿ.

ಈ ಬಿಗಿತ ಯಾಕಿಷ್ಟು ಮುಖ್ಯ? ಟ್ರಾಲಿಯ ತೂಕವನ್ನು ಬೋಲ್ಟು ಹೊರುವುದಿಲ್ಲ. ತೂಕ ಪ್ಲೇಟಿನಿಂದ ಪ್ಲೇಟಿಗೆ ನೇರ ಇಳಿಯುತ್ತದೆ. ಎರಡು ಪ್ಲೇಟುಗಳೂ ಒಂದೇ ತುಂಡಿನಂತೆ ಇರುವ ಹಾಗೆ ಒತ್ತಿ ಹಿಡಿಯುವುದು ಬೋಲ್ಟಿನ ಕೆಲಸ. ಆ ಹಿಡಿತ ಇರುವವರೆಗೆ ಗಾಲಿ ಎಡವಿದರೂ ಪ್ಲೇಟು ಕದಲುವುದಿಲ್ಲ. ಹಿಡಿತ ಸಡಿಲಾದರೆ ಪ್ರತಿ ಸಲ ಗಾಲಿ ತಿರುಗಿದಾಗ ಪ್ಲೇಟು ಕೂದಲೆಳೆಯಷ್ಟು ಜಾರುತ್ತದೆ. ಬೋಲ್ಟಿನ ಪಕ್ಕೆ ತೂತಿನ ಅಂಚನ್ನು ತಿನ್ನುತ್ತದೆ. ದುಂಡಗಿನ ತೂತು ಮೊಟ್ಟೆಯಾಕಾರ ಆಗುತ್ತದೆ. ಆಮೇಲೆ ಎಷ್ಟು ಬಿಗಿದರೂ ನಿಲ್ಲುವುದಿಲ್ಲ.

ಬಿಗಿದ ಮೇಲೆ ನಟ್ಟಿನಿಂದ ಪ್ಲೇಟಿನವರೆಗೆ ಬಿಳಿ ಪೇಂಟಿನ ಒಂದು ಗೆರೆ ಎಳೆಯಿರಿ. ಮುಂದೆ ಗೆರೆ ಮುರಿದಂತೆ ಕಂಡರೆ ನಟ್ಟು ತಿರುಗಿದೆ ಎಂದೇ ಅರ್ಥ. ಪಾನಾ ಹಿಡಿಯದೆ ಕಣ್ಣಿನಲ್ಲೇ ತಿಳಿಯುತ್ತದೆ.

ಓಡಿಸುವ ಮುನ್ನ

ಟ್ರಾಲಿಯನ್ನು ನೆಟ್ಟಗೆ ನಿಲ್ಲಿಸಿ, ಆ ಚೀಟಿ ಪರೀಕ್ಷೆಯನ್ನು ಮತ್ತೆ ಮಾಡಿ. ಟ್ರಾಲಿಯನ್ನು ಎರಡು ಮೂರು ಕಡೆ ನಿಲ್ಲಿಸಿ ನೋಡಿ. ಎಲ್ಲ ಕಡೆಯೂ ಅದೇ ಗಾಲಿ ನೆಲ ಬಿಟ್ಟಿದ್ದರೆ ತಪ್ಪು ಚೌಕಟ್ಟಿನದು. ಜಾಗ ಬದಲಾದಂತೆ ಗಾಲಿಯೂ ಬದಲಾದರೆ ತಪ್ಪು ನೆಲದ್ದು. ಚೌಕಟ್ಟಿನದಾದರೆ ಆ ಗಾಲಿಯ ಪ್ಲೇಟು ಮತ್ತು ಮೂಲೆ ಪ್ಲೇಟಿನ ನಡುವೆ ಶಿಮ್ ಹಾಕಿ. ಶಿಮ್ ಎಂದರೆ ಅಂತರ ತುಂಬುವ ತೆಳು ತಗಡು. ಅದು ಗಾಲಿಯ ಪ್ಲೇಟಿನಷ್ಟೇ ಅಗಲ ಇರಬೇಕು. ಬೋಲ್ಟಿನ ಸುತ್ತ ಮಾತ್ರ ವಾಷರ್ ಇಟ್ಟು ಎತ್ತರಿಸಿದರೆ ಪ್ಲೇಟಿನ ನಡುಭಾಗ ಗಾಳಿಯಲ್ಲಿ ಉಳಿದು ಬಾಗುತ್ತದೆ.

ಆಮೇಲೆ ತಿರುಗುವ ಗಾಲಿಗಳನ್ನು ಕೈಯಿಂದ ಒಂದು ಪೂರ್ತಿ ಸುತ್ತು ತಿರುಗಿಸಿ. 150 ಮಿಮೀ ಗಾಲಿಯ ಅರ್ಧ 75, ಆಫ್‌ಸೆಟ್ 45. ಅಂದರೆ ಕಿಂಗ್‌ಪಿನ್ನಿನ ಸುತ್ತ 120 ಮಿಮೀವರೆಗೆ ಗಾಲಿ ಸುಳಿಯುತ್ತದೆ. ನಮ್ಮ ಟ್ರಾಲಿಯಲ್ಲಿ ಕಿಂಗ್‌ಪಿನ್ ಅಂಚಿನಿಂದ 75 ಮಿಮೀ ಒಳಗಿದೆ. ಹಾಗಾಗಿ ಗಾಲಿ 45 ಮಿಮೀ ಹೊರಕ್ಕೆ ಚಾಚುತ್ತದೆ. ತಳ್ಳುವವರ ಕಾಲ್ಬೆರಳು ಅಲ್ಲೇ ಇರುತ್ತದೆ ಎಂಬುದು ತಿಳಿದಿರಲಿ. ಗಾಲಿ ಒಳಕ್ಕೆ ತಿರುಗಿದಾಗ ಇನ್ನೊಂದು ವಿಷಯ. ಕಿಂಗ್‌ಪಿನ್‌ಗಳ ನಡುವೆ ಅಗಲಕ್ಕೆ 600 ಮಿಮೀ ಅಂತರವಿದ್ದರೂ, ಎರಡೂ ಗಾಲಿ ಒಳಮುಖವಾದಾಗ ಆ ತುದಿಯಲ್ಲಿ ಟ್ರಾಲಿ ನಿಲ್ಲುವುದು ಬರೀ 510 ಮಿಮೀ ಅಗಲದ ಮೇಲೆ. ಆದ್ದರಿಂದ ಭಾರದ ಸಾಮಾನು ಯಾವಾಗಲೂ ಕೆಳ ಅಂತಸ್ತಿನಲ್ಲೇ ಇರಲಿ.

ಮೊದಲ ವಾರ ಭಾರ ಹೊತ್ತು ಓಡಾಡಿದ ಮೇಲೆ ಬೋಲ್ಟುಗಳನ್ನು ಒಮ್ಮೆ ಮತ್ತೆ ಬಿಗಿಯಿರಿ. ಪೇಂಟು, ಅಂಚುಗಳು ಒತ್ತಿಕೊಂಡು ತುಸು ಸಡಿಲಾಗಿರುತ್ತವೆ. ಬಿಗಿದ ಮೇಲೆ ಬಿಳಿ ಗೆರೆಯನ್ನು ಹೊಸದಾಗಿ ಎಳೆಯಿರಿ. ಆಮೇಲೆ ತಿಂಗಳಿಗೊಮ್ಮೆ ಗೆರೆ ನೋಡಿದರೆ ಸಾಕು. ಮೂರು ತಿಂಗಳಿಗೊಮ್ಮೆ ಒಂದು ಮೂಲೆಯನ್ನು ಜಾಕಿನಲ್ಲಿ ಎತ್ತಿ, ಅಡಿಗೆ ದಿಮ್ಮಿ ಕೊಟ್ಟು, ಗಾಲಿಯನ್ನು ಹಿಡಿದು ಅಲ್ಲಾಡಿಸಿ. ಕವಲು ಲಟಲಟ ಎಂದರೆ ಬಾಲ್ ರೇಸ್ ಸವೆದಿದೆ. ತಳ್ಳುವಾಗ ಗಾಲಿ ಮೀನಿನ ಬಾಲದಂತೆ ಪಟಪಟ ಅಲುಗಿದರೂ ಅನುಮಾನ ಅದರ ಮೇಲೆಯೇ ಬರಬೇಕು. ರೇಸಿನ ಬಾಯಲ್ಲಿ ಕೆಂಪು ಪುಡಿ ಕಂಡರೆ ಒಳಗೆ ಗ್ರೀಸು ಒಣಗಿದೆ. ಗ್ರೀಸು ನಿಪ್ಪಲ್ ಇದ್ದರೆ ಹಳೆಯ ಗ್ರೀಸು ಹೊರಬರುವವರೆಗೆ ಹೊಸದನ್ನು ತುಂಬಿ.

ಖರ್ಚು, ಸಿಗುವ ಜಾಗ

150 ಮಿಮೀ ಪಿಯು ಗಾಲಿ, ಬಾಲ್ ಬೇರಿಂಗ್, 400 ಕೆಜಿ ಸಾಮರ್ಥ್ಯ ಎಂದರೆ ಒಂದಕ್ಕೆ ಸುಮಾರು ಸಾವಿರದಿಂದ ಎರಡು ಸಾವಿರ ರೂಪಾಯಿ ಹಿಡಿದುಕೊಳ್ಳಿ. ಫಿಕ್ಸೆಡ್ ಗಾಲಿ ತುಸು ಅಗ್ಗ, ಬ್ರೇಕ್ ಇದ್ದರೆ ತುಸು ಹೆಚ್ಚು. 16 ಬೋಲ್ಟು, ನೈಲಾಕ್ ನಟ್ಟು, ವಾಷರ್‌ಗಳಿಗೆ ಕೆಲವು ನೂರು ರೂಪಾಯಿ. ಮೂಲೆ ಪ್ಲೇಟುಗಳನ್ನು ತೂಕದ ಲೆಕ್ಕದಲ್ಲಿ ಕೊಳ್ಳಬಹುದು, ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ಉಳಿದ ತುಂಡುಗಳೇ ಸಾಕಾಗುತ್ತವೆ. ಬೆಂಗಳೂರಿನಲ್ಲಿ ಎಸ್.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಗಳು, ಪೀಣ್ಯದ ಸುತ್ತಲಿನ ಕೈಗಾರಿಕಾ ಸಾಮಾನಿನ ಅಂಗಡಿಗಳಲ್ಲಿ ವಿಚಾರಿಸಿ. ಹುಬ್ಬಳ್ಳಿಯ ಗೋಕುಲ ರಸ್ತೆ, ಬೆಳಗಾವಿಯ ಉದ್ಯಮಬಾಗ ಕಡೆಯೂ ಇಂಥ ಸಾಮಾನು ಸಿಗುತ್ತದೆ.

ಅಂಗಡಿಯಲ್ಲಿ ಎರಡು ಪ್ರಶ್ನೆ ಕೇಳದೆ ದುಡ್ಡು ಕೊಡಬೇಡಿ. ಹೇಳಿದ ಭಾರ ಒಂದು ಗಾಲಿಗೋ ನಾಲ್ಕರ ಸೆಟ್ಟಿಗೋ? ಓಡುವಾಗಿನ ಭಾರವೋ, ನಿಂತಾಗಿನದೋ? ನಿಂತಾಗ ತಡೆಯುವ ಭಾರ ಯಾವಾಗಲೂ ಹೆಚ್ಚೇ ಇರುತ್ತದೆ. ನಿಮಗೆ ಬೇಕಾದದ್ದು ಒಂದು ಗಾಲಿಯ, ಓಡುವಾಗಿನ ಭಾರ. ಅದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಎಲ್ಲ ಮುಗಿದ ಮೇಲೆ ಒಂದು ಕೆಲಸ ಉಳಿಯುತ್ತದೆ. ಈ ಲೆಕ್ಕ ನಿಮ್ಮ ತಲೆಯಲ್ಲಿದೆ, ನಾಳೆ ಟ್ರಾಲಿ ತಳ್ಳುವ ಹುಡುಗನಿಗೆ ಅದು ಗೊತ್ತಿಲ್ಲ. ಹಿಡಿಯ ಕೆಳಗೆ, ಎಲ್ಲರಿಗೂ ಕಾಣುವಂತೆ, ಹಳದಿ ಪೇಂಟಿನಲ್ಲಿ ದಪ್ಪಗೆ ಬರೆದಿಡಿ: 600 ಕೆಜಿ ಮಾತ್ರ.